ಕಾಲರಾ ರೋಗಿಗೆ ಜ್ವರವೇಕಿಲ್ಲ? ಬ್ಯಾಕ್ಟೀರಿಯಾಗಳ ಅಂತರ್ವಿಷ ಮತ್ತು ಬಹಿರ್ವಿಷ

ಕಾಲರಾ ಅಥವಾ ವಾಂತಿಭೇದಿಯ ಹಾವಳಿಯನ್ನು ಕಂಡ ಹಿರಿಯರಿಗೆ ಆ ರೋಗಿಯ ಚಿತ್ರ ಮರೆಯುವಂಥದ್ದಲ್ಲ. ಅಕ್ಕಿ ತೊಳೆದ ನೀರಿನಂತಹ ಭೇದಿ ಮೇಲಿಂದ ಮೇಲೆ ಆಗುತ್ತದೆ. ಕಣ್ಣುಗಳು ಗುಳಿಬೀಳುತ್ತವೆ, ಬೆರಳುಗಳ ಚರ್ಮ ಸುಕ್ಕುಗಟ್ಟುತ್ತದೆ, ಮೀನಖಂಡಗಳು ಸೆಡೆತು ನೋಯುತ್ತವೆ, ನಾಡಿ ಕ್ಷೀಣಿಸುತ್ತದೆ. ಆದರೆ ಮೈ ಮುಟ್ಟಿ ನೋಡಿದರೆ ಅದು ಸುಡುವುದಿಲ್ಲ, ಬಹುತೇಕ ತಣ್ಣಗಿರುತ್ತದೆ. ಕೋಟ್ಯಂತರ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ತುಂಬಿಕೊಂಡಿರುವಾಗಲೂ ರೋಗಿಗೆ ಸಾಮಾನ್ಯವಾಗಿ ಜ್ವರವಿರುವುದಿಲ್ಲ.

ಇದಕ್ಕೆ ವಿರುದ್ಧವಾದ ಚಿತ್ರ ಇನ್ನೊಂದಿದೆ. ಮೂತ್ರದ ಸೋಂಕಿನಿಂದ ಬಳಲುವ ವೃದ್ಧರೊಬ್ಬರಿಗೆ ಒಂದು ಸಂಜೆ ಹಲ್ಲು ಕಟಕಟಿಸುವಷ್ಟು ಚಳಿ ಬರುತ್ತದೆ, ಬೆನ್ನಲ್ಲೇ ಜ್ವರ ಏರುತ್ತದೆ, ಮಾತು ಅಸಂಬದ್ಧವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಇಲ್ಲಿ ವಾಂತಿಯಿಲ್ಲ, ಭೇದಿಯಿಲ್ಲ. ಆದರೂ ಪ್ರಾಣಕ್ಕೆ ಅಪಾಯ ಕಾಲರಾದಷ್ಟೇ ಸಮೀಪದಲ್ಲಿರುತ್ತದೆ.

ಈ ಎರಡು ಚಿತ್ರಗಳ ಹಿಂದೆ ಎರಡು ಬೇರೆ ಬೇರೆ ಬಗೆಯ ವಿಷಗಳಿವೆ. ಬ್ಯಾಕ್ಟೀರಿಯಾ ಬದುಕಿರುವಾಗ ತಯಾರಿಸಿ ಹೊರಗೆ ಸುರಿಸುವ ವಿಷಕ್ಕೆ ‘ಬಹಿರ್ವಿಷ’ ಅಥವಾ ಎಕ್ಸೋಟಾಕ್ಸಿನ್ ಎಂದು ಹೆಸರು. ಬ್ಯಾಕ್ಟೀರಿಯಾದ ಶರೀರದ ಒಂದು ಭಾಗವೇ ಆಗಿದ್ದು, ಮುಖ್ಯವಾಗಿ ಅದು ಸತ್ತು ಒಡೆದಾಗ ಬಿಡುಗಡೆಯಾಗುವ ವಿಷಕ್ಕೆ ‘ಅಂತರ್ವಿಷ’ ಅಥವಾ ಎಂಡೋಟಾಕ್ಸಿನ್ ಎನ್ನುತ್ತಾರೆ. ಚೇಳು ಕೊಂಡಿಯಿಂದ ವಿಷವನ್ನು ಹೊರಹಾಕುತ್ತದೆ. ಕೆಲವು ಕಾಡುಗೆಡ್ಡೆಗಳ ಮೈಯೆಲ್ಲ ವಿಷವಾಗಿರುತ್ತದೆ. ಮೊದಲನೆಯದು ಬಹಿರ್ವಿಷದ ರೀತಿ, ಎರಡನೆಯದು ಅಂತರ್ವಿಷದ ರೀತಿ. ವಿಶೇಷವೆಂದರೆ, ಕಾಲರಾದ ಬ್ಯಾಕ್ಟೀರಿಯಾದಲ್ಲಿ ಈ ಎರಡೂ ವಿಷಗಳಿವೆ. ಇವುಗಳಲ್ಲಿ ರೋಗವನ್ನು ತರುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ಮುಕ್ಕಾಲು ಶತಮಾನ ಬೇಕಾಯಿತು. ಆ ಉತ್ತರ ದೊರೆತದ್ದು ನಮ್ಮ ದೇಶದಲ್ಲಿಯೇ. ಆ ಕಥೆಯ ಜಾಡು ಹಿಡಿದು ಹೋದರೆ ಎರಡು ವಿಷಗಳ ಭೇದವೂ ಸ್ಪಷ್ಟವಾಗುತ್ತದೆ.

ಎರಡು ವಿಷಗಳು ಬೆಳಕಿಗೆ ಬಂದ ಬಗೆ

ಮೊದಲು ಪತ್ತೆಯಾದದ್ದು ಬಹಿರ್ವಿಷ. 1888ರಲ್ಲಿ ಪ್ಯಾರಿಸ್ಸಿನಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿಗಳು ಗಂಟಲುಮಾರಿಯ, ಎಂದರೆ ಡಿಫ್ತೀರಿಯಾದ, ಬ್ಯಾಕ್ಟೀರಿಯಾಗಳನ್ನು ಸಾರಿನಂತಹ ದ್ರವದಲ್ಲಿ ಬೆಳೆಸಿದರು. ಅನಂತರ ಆ ದ್ರವವನ್ನು ಪಿಂಗಾಣಿಯ ಸೂಕ್ಷ್ಮ ಸೋಸುಕದ ಮೂಲಕ ಸೋಸಿದರು. ಸೋಸಿ ಬಂದ ತಿಳಿಯಲ್ಲಿ ಒಂದೂ ಬ್ಯಾಕ್ಟೀರಿಯಾ ಇರಲಿಲ್ಲ. ಆದರೂ ಅದನ್ನು ಚುಚ್ಚಿದ ಗಿನಿಯಿಲಿಗಳು ಗಂಟಲುಮಾರಿಯಲ್ಲಿ ಕಾಣುವಂತಹ ಹಾನಿಗೆ ತುತ್ತಾಗಿ ಸತ್ತವು. ಕೊಂದದ್ದು ಬ್ಯಾಕ್ಟೀರಿಯಾ ಅಲ್ಲ, ಅದು ದ್ರವದಲ್ಲಿ ಬಿಟ್ಟುಹೋದ ವಸ್ತು ಎಂಬುದು ಸಿದ್ಧವಾಯಿತು.

ಸಹಜವಾಗಿಯೇ ಕಾಲರಾದಲ್ಲಿಯೂ ಇಂತಹ ವಿಷವಿರಬೇಕೆಂದು ಹಲವರು ಹುಡುಕಿದರು. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರ ಸಂಸ್ಥೆಯಲ್ಲಿ ದುಡಿಯುತ್ತಿದ್ದ ರಿಚರ್ಡ್ ಫೈಫರ್ 1892ರಲ್ಲಿ ಬೇರೆಯೇ ಆದ ಸಂಗತಿಯನ್ನು ಕಂಡರು. ಶಾಖದಿಂದ ಕೊಂದ ಕಾಲರಾ ಬ್ಯಾಕ್ಟೀರಿಯಾಗಳನ್ನು ಗಿನಿಯಿಲಿಯ ಹೊಟ್ಟೆಯೊಳಗೆ ಚುಚ್ಚಿದಾಗಲೂ ಅದು ಆಘಾತಕ್ಕೊಳಗಾಗಿ ಸಾಯುತ್ತಿತ್ತು. ಸತ್ತ ಬ್ಯಾಕ್ಟೀರಿಯಾ ಏನನ್ನೂ ತಯಾರಿಸಿ ಸುರಿಸಲಾರದು. ಆದ್ದರಿಂದ ವಿಷವು ಅದರ ಶರೀರದಲ್ಲಿಯೇ ಅಡಗಿರಬೇಕು, ಅದೂ ಶಾಖಕ್ಕೆ ಕೆಡದ ವಸ್ತುವಾಗಿರಬೇಕು ಎಂದು ಅವರು ತೀರ್ಮಾನಿಸಿದರು. ‘ಒಳಗಿನ ವಿಷ’ ಎಂಬ ಅರ್ಥದ ಎಂಡೋಟಾಕ್ಸಿನ್ ಎಂಬ ಹೆಸರು ಬಂದದ್ದು ಹೀಗೆ. ಮುಂದೆ ತಿಳಿದುಬಂದಂತೆ, ಆ ವಿಷ ಇರುವುದು ಬ್ಯಾಕ್ಟೀರಿಯಾದ ಒಡಲೊಳಗಲ್ಲ, ಅದರ ಹೊರ ಪೊರೆಯಲ್ಲಿ. ಆದರೂ ಹಳೆಯ ಹೆಸರೇ ಉಳಿದುಕೊಂಡಿತು.

ಫೈಫರ್ ಕಂಡದ್ದು ಸತ್ಯವೇ. ಆದರೆ ಆ ಸತ್ಯವೇ ಮುಂದಿನವರನ್ನು ದಾರಿ ತಪ್ಪಿಸಿತು. ಕಾಲರಾ ರೋಗಕ್ಕೂ ಈ ಅಂತರ್ವಿಷವೇ ಕಾರಣವೆಂದು ಬಹಳ ಕಾಲ ನಂಬಲಾಯಿತು. ರೋಗಿಗೆ ಜ್ವರವೇಕೆ ಬರುವುದಿಲ್ಲ, ಕರುಳಿನಿಂದ ಅಷ್ಟೊಂದು ನೀರು ಏಕೆ ಹರಿಯುತ್ತದೆ ಎಂಬ ಪ್ರಶ್ನೆಗಳಿಗೆ ಮಾತ್ರ ಆ ನಂಬಿಕೆಯಲ್ಲಿ ಸರಿಯಾದ ಉತ್ತರವಿರಲಿಲ್ಲ.

ಕೊಲ್ಕತ್ತೆಯ ಪ್ರಯೋಗ

ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ 1915ರಲ್ಲಿ ಜನಿಸಿದ ಡಾ. ಶಂಭುನಾಥ ಡೇ ಅವರು ಕೊಲ್ಕತ್ತೆಯ ವೈದ್ಯಕೀಯ ಕಾಲೇಜುಗಳಲ್ಲಿ ರೋಗಶಾಸ್ತ್ರದ ಅಧ್ಯಾಪಕರಾಗಿದ್ದರು. ಹಿಂದಿನವರು ಕಾಲರಾ ವಿಷವನ್ನು ರಕ್ತಕ್ಕೋ, ಚರ್ಮಕ್ಕೋ, ಹೊಟ್ಟೆಯ ಕುಹರಕ್ಕೋ ಚುಚ್ಚಿ ಪರೀಕ್ಷಿಸುತ್ತಿದ್ದರು. ಡೇ ಅವರ ವಿಚಾರ ಸರಳವಾಗಿತ್ತು. ಕಾಲರಾ ಕರುಳಿನ ರೋಗ. ಆದ್ದರಿಂದ ಅದನ್ನು ಕರುಳಿನ ಒಳಗೇ ಪರೀಕ್ಷಿಸಬೇಕು.

ಅವರು ಮೊಲಕ್ಕೆ ಅರಿವಳಿಕೆ ನೀಡಿ, ಅದರ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ತುದಿಗಳಲ್ಲಿ ದಾರದಿಂದ ಕಟ್ಟಿದರು. ಹೀಗೆ ಕರುಳಿನ ಒಂದು ಮುಚ್ಚಿದ ಚೀಲ ಸಿದ್ಧವಾಯಿತು. ಅದರೊಳಕ್ಕೆ ಕಾಲರಾ ಬ್ಯಾಕ್ಟೀರಿಯಾಗಳನ್ನು ಚುಚ್ಚಿ ಮೊಲದ ಹೊಟ್ಟೆಯನ್ನು ಹೊಲಿದರು. ಮರುದಿನ ನೋಡಿದಾಗ ಆ ಚೀಲ ದ್ರವದಿಂದ ಬಿಗಿದು ಊದಿಕೊಂಡಿತ್ತು. ಬ್ಯಾಕ್ಟೀರಿಯಾ ಇಲ್ಲದ ದ್ರವವನ್ನು ಚುಚ್ಚಿದ ಚೀಲ ಮಾತ್ರ ಖಾಲಿಯಾಗಿಯೇ ಉಳಿದಿತ್ತು. ಈ ವಿಧಾನವನ್ನು ಅವರು ತಮ್ಮ ಸಹೋದ್ಯೋಗಿಯೊಡನೆ 1953ರಲ್ಲಿ ಪ್ರಕಟಿಸಿದರು.

ನಿರ್ಣಾಯಕ ಹೆಜ್ಜೆ 1959ರಲ್ಲಿ ಬಂದಿತು. ಈ ಬಾರಿ ಡೇ ಅವರು ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಜೀವಾಣುರಹಿತವಾದ ತಿಳಿಯನ್ನು ಮಾತ್ರ ಕರುಳಿನ ಚೀಲಕ್ಕೆ ಚುಚ್ಚಿದರು. ಚೀಲ ಮೊದಲಿನಂತೆಯೇ ಊದಿಕೊಂಡಿತು. ಕಾಲರಾವನ್ನು ತರುವುದು ಬ್ಯಾಕ್ಟೀರಿಯಾದ ಮೈಯಲ್ಲಿರುವ ಅಂತರ್ವಿಷವಲ್ಲ, ಅದು ಹೊರಗೆ ಸುರಿಸುವ ಬಹಿರ್ವಿಷ ಎಂಬುದಕ್ಕೆ ಇದು ನೇರ ಪುರಾವೆಯಾಯಿತು. ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಬರಹ ಬಹಳ ಚಿಕ್ಕದು. ಅದರ ಮಹತ್ತ್ವವನ್ನು ಜಗತ್ತು ಗುರುತಿಸಲು ಹಲವು ವರ್ಷಗಳು ಹಿಡಿದವು. 1978ರಲ್ಲಿ ಕಾಲರಾವನ್ನು ಕುರಿತ ನೊಬೆಲ್ ವಿಚಾರಸಂಕಿರಣಕ್ಕೆ ಅವರನ್ನು ಆಹ್ವಾನಿಸಲಾಯಿತು.

ಹಾಗಾದರೆ ಫೈಫರ್ ಕಂಡ ಅಂತರ್ವಿಷ ರೋಗಿಗೆ ಏನೂ ಮಾಡುವುದಿಲ್ಲವೇ? ಕಾಲರಾದಲ್ಲಿ ಬ್ಯಾಕ್ಟೀರಿಯಾಗಳು ಕರುಳಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಗೋಡೆಯನ್ನು ಭೇದಿಸಿ ರಕ್ತಕ್ಕೆ ಇಳಿಯುವುದಿಲ್ಲ. ಅವುಗಳ ಅಂತರ್ವಿಷವೂ ಕರುಳಿನಲ್ಲಿಯೇ ಉಳಿದು ಮಲದೊಡನೆ ಹೊರಹೋಗುತ್ತದೆ. ಆರೋಗ್ಯವಂತರ ಕರುಳಿನಲ್ಲಿಯೂ ಇಂತಹ ಅಂತರ್ವಿಷವುಳ್ಳ ಬ್ಯಾಕ್ಟೀರಿಯಾಗಳು ಹೇರಳವಾಗಿವೆ. ಅವುಗಳಿಂದ ನಮಗೆ ನಿತ್ಯವೂ ಜ್ವರ ಬರುವುದಿಲ್ಲ. ಅಂತರ್ವಿಷ ಅಪಾಯಕಾರಿಯಾಗುವುದು ಅದು ರಕ್ತಕ್ಕೆ ಸೇರಿದಾಗ. ಫೈಫರ್ ಅವರ ಚುಚ್ಚುಸೂಜಿ ಅದನ್ನು ಕರುಳಿನ ಗೋಡೆಯ ಆಚೆಗೆ ದಾಟಿಸಿತ್ತು. ಅದಕ್ಕೇ ಅವರ ಗಿನಿಯಿಲಿಗಳು ಕಾಲರಾದಿಂದಲ್ಲ, ಬೇರೊಂದು ಬಗೆಯ ಆಘಾತದಿಂದ ಸತ್ತವು.

ಇದನ್ನು ದೃಢಪಡಿಸುವ ಮತ್ತೊಂದು ಸಂಗತಿಯೂ ಇದೆ. ನದಿ, ಅಳಿವೆಗಳ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾದ ಅನೇಕ ತಳಿಗಳು ಬದುಕಿವೆ. ಅವೆಲ್ಲಕ್ಕೂ ಅಂತರ್ವಿಷವಿದೆ. ಆದರೆ ಊರಿಗೆ ಊರನ್ನೇ ಕಾಡುವ ಕಾಲರಾವನ್ನು ತರಬಲ್ಲವು ಬಹಿರ್ವಿಷವನ್ನು ತಯಾರಿಸುವ ಜೀನ್ ಉಳ್ಳ ತಳಿಗಳು ಮಾತ್ರ. ಆ ಜೀನನ್ನು ಅವುಗಳಿಗೆ ತಂದುಕೊಡುವುದು ಬ್ಯಾಕ್ಟೀರಿಯಾಗಳನ್ನು ಹೊಕ್ಕು ನೆಲೆಸುವ ಒಂದು ವೈರಸ್ ಎಂಬುದು 1996ರಲ್ಲಿ ತಿಳಿಯಿತು. ಅಂತರ್ವಿಷ ಬ್ಯಾಕ್ಟೀರಿಯಾದ ಶರೀರಕ್ಕೆ ಬೇಕೇಬೇಕಾದ ಗೋಡೆಯ ಭಾಗ. ಬಹಿರ್ವಿಷ ಕೆಲವು ತಳಿಗಳು ಪಡೆದುಕೊಂಡ ಹೆಚ್ಚುವರಿ ಆಯುಧ. ಮೂಲದಲ್ಲಿಯೇ ಇರುವ ಭೇದ ಇದು.

ಬಹಿರ್ವಿಷ: ಒಂದೇ ಬೀಗಕ್ಕೆ ಒಂದೇ ಕೀಲಿ

ಬಹಿರ್ವಿಷಗಳು ಪ್ರೋಟೀನುಗಳು. ಪ್ರತಿಯೊಂದು ವಿಷಕ್ಕೂ ತನ್ನದೇ ಆದ ಆಕಾರವಿದ್ದು, ಅದು ಶರೀರದ ನಿರ್ದಿಷ್ಟ ಜೀವಕೋಶವನ್ನು ಹುಡುಕಿ ನಿರ್ದಿಷ್ಟ ಕೆಲಸವನ್ನೇ ಮಾಡುತ್ತದೆ. ಕಾಲರಾ ವಿಷದಲ್ಲಿ ಆರು ತುಂಡುಗಳಿವೆ. ಉಂಗುರದಂತೆ ಜೋಡಣೆಗೊಂಡ ಐದು ತುಂಡುಗಳು ಕರುಳಿನ ಕೋಶವನ್ನು ಗುರುತಿಸಿ ಹಿಡಿದುಕೊಳ್ಳುತ್ತವೆ. ಆರನೆಯ ತುಂಡು ಒಳಹೊಕ್ಕು ಕೋಶದ ಒಂದು ಸಂಕೇತ ವ್ಯವಸ್ಥೆಯನ್ನು ಕೆಡಿಸುತ್ತದೆ. ಉಪ್ಪನ್ನು ಹೊರಬಿಡು, ನಿಲ್ಲಿಸು ಎಂದು ಸರದಿಯಂತೆ ಆಣತಿ ಕೊಡುವ ಗುಂಡಿಯೊಂದು ಅಲ್ಲಿದೆಯೆಂದು ಭಾವಿಸೋಣ. ವಿಷವು ಆ ಗುಂಡಿಯನ್ನು ‘ಬಿಡು’ ಎಂಬ ಸ್ಥಿತಿಯಲ್ಲಿಯೇ ಸಿಕ್ಕಿಸಿಬಿಡುತ್ತದೆ. ಕೋಶದಿಂದ ಲವಣದ ಅಂಶ ನಿಲ್ಲದೆ ಕರುಳಿಗೆ ಸುರಿಯುತ್ತದೆ, ಉಪ್ಪಿನ ಹಿಂದೆ ನೀರು ಹರಿಯುತ್ತದೆ. ತೀವ್ರವಾದ ಕಾಲರಾದಲ್ಲಿ ವಯಸ್ಕರೊಬ್ಬರು ಒಂದು ಗಂಟೆಗೆ ಒಂದು ಲೀಟರಿನವರೆಗೂ ದ್ರವವನ್ನು ಕಳೆದುಕೊಳ್ಳಬಹುದು.

ಗಮನಿಸಬೇಕಾದ ಮಾತೆಂದರೆ, ಇಷ್ಟೆಲ್ಲ ಆದರೂ ಕರುಳಿನ ಗೋಡೆಗೆ ಗಾಯವಾಗುವುದಿಲ್ಲ. ಮಲದಲ್ಲಿ ರಕ್ತ ಕಾಣುವುದಿಲ್ಲ, ಜ್ವರವಿರುವುದಿಲ್ಲ. ಸಕ್ಕರೆಯ ಅಂಶವಾದ ಗ್ಲೂಕೋಸನ್ನು ಉಪ್ಪಿನೊಡನೆ ಜೊತೆಯಾಗಿ ಒಳಗೆಳೆದುಕೊಳ್ಳುವ ಕರುಳಿನ ಇನ್ನೊಂದು ಬಾಗಿಲನ್ನು ಈ ವಿಷ ಮುಚ್ಚುವುದಿಲ್ಲ. ಓಆರ್‌ಎಸ್ ದ್ರಾವಣ ಕೆಲಸ ಮಾಡುವುದು ಈ ತೆರೆದ ಬಾಗಿಲಿನ ಮೂಲಕವೇ. 1971ರ ಬಾಂಗ್ಲಾ ವಿಮೋಚನಾ ಯುದ್ಧದ ಕಾಲದಲ್ಲಿ, ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ, ಡಾ. ದಿಲೀಪ್ ಮಹಾಲನೋಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಚಿಕಿತ್ಸೆ ನೀಡಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತಲೂ ಕೆಳಗಿಳಿಯಿತು.

ಇಂದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಒಂದು ಪೊಟ್ಟಣದಲ್ಲಿ ಒಟ್ಟು 20.5 ಗ್ರಾಂ ಪುಡಿಯಿರುತ್ತದೆ. ಅದನ್ನು ಸರಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಬೇಕು. ಅರ್ಧ ಪೊಟ್ಟಣವನ್ನು ಲೋಟದಲ್ಲಿ ಅಂದಾಜಿನ ಮೇಲೆ ಕಲಸುವುದು ಸರಿಯಲ್ಲ; ಉಪ್ಪಿನ ಪ್ರಮಾಣ ಹೆಚ್ಚಾದರೆ ಮಗುವಿಗೆ ಅಪಾಯ, ಕಡಿಮೆಯಾದರೆ ಪ್ರಯೋಜನವಿಲ್ಲ. ಕಲಸಿದ ದ್ರಾವಣವನ್ನು 24 ಗಂಟೆಗಳ ಒಳಗೆ ಬಳಸಿ, ಉಳಿದುದನ್ನು ಚೆಲ್ಲಬೇಕು. ರೋಗಿಗೆ ಕುಡಿಯಲು ಸಾಧ್ಯವಾಗದಿದ್ದರೆ, ಮಂಪರು ಕವಿದಿದ್ದರೆ ಅಥವಾ ನಾಡಿ ಸಿಗದಂತಿದ್ದರೆ ಓಆರ್‌ಎಸ್‌ಗಾಗಿ ಕಾಯದೆ ಆಸ್ಪತ್ರೆಗೆ ಒಯ್ದು ರಕ್ತನಾಳದ ಮೂಲಕವೇ ದ್ರವ ಕೊಡಿಸಬೇಕು.

ಬಹಿರ್ವಿಷದ ಗುರಿ ಬದಲಾದಂತೆ ರೋಗದ ರೂಪವೂ ಬದಲಾಗುತ್ತದೆ. ಧನುರ್ವಾಯುವಿನ ವಿಷ ನರಗಳ ಮೂಲಕ ಬೆನ್ನುಹುರಿಗೆ ಏರಿ, ಸ್ನಾಯುಗಳನ್ನು ಸಡಿಲಿಸುವ ಸಂಕೇತವನ್ನು ತಡೆಯುತ್ತದೆ. ಆದ್ದರಿಂದ ದವಡೆ ಕಚ್ಚಿಕೊಂಡು ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಅದಕ್ಕೆ ನಿಕಟ ಸಂಬಂಧಿಯಾದ ಬಾಟುಲಿನಂ ವಿಷ, ಸ್ನಾಯುಗಳನ್ನು ಬಿಗಿಗೊಳಿಸುವ ಸಂಕೇತವನ್ನೇ ತಡೆಯುತ್ತದೆ. ರೆಪ್ಪೆ ಜೋತುಬಿದ್ದು, ನುಂಗಲಾರದೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಗಂಟಲುಮಾರಿಯ ವಿಷ ಕೋಶಗಳಲ್ಲಿ ಪ್ರೋಟೀನಿನ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟುವುದಲ್ಲದೆ ಹೃದಯವೂ ದುರ್ಬಲವಾಗುತ್ತದೆ. ಲಕ್ಷಣಗಳನ್ನು ನೋಡಿಯೇ ಅನುಭವಿ ವೈದ್ಯರು ಯಾವ ವಿಷವೆಂದು ಊಹಿಸಬಲ್ಲರು.

ಅಂತರ್ವಿಷ: ಶರೀರ ತಾನೇ ಹೊತ್ತಿಸುವ ಬೆಂಕಿ

ಅಂತರ್ವಿಷ ಪ್ರೋಟೀನಲ್ಲ. ಅದು ಕೊಬ್ಬು ಮತ್ತು ಸಕ್ಕರೆಯ ಸರಪಳಿಗಳು ಕೂಡಿದ ವಸ್ತು. ಲಿಪೊಪಾಲಿಸ್ಯಾಕರೈಡ್ ಎಂದು ಅದರ ರಾಸಾಯನಿಕ ಹೆಸರು. ಬ್ಯಾಕ್ಟೀರಿಯಾಗಳನ್ನು ಗ್ರಾಂ ಎಂಬ ವಿಜ್ಞಾನಿ ರೂಪಿಸಿದ ಬಣ್ಣ ಹಾಕಿ ಪರೀಕ್ಷಿಸಿದಾಗ ಎರಡು ಗುಂಪುಗಳಾಗುತ್ತವೆ. ಅವುಗಳಲ್ಲಿ ‘ಗ್ರಾಂ ನೆಗೆಟಿವ್’ ಗುಂಪಿಗೆ ಹೆಚ್ಚುವರಿಯಾಗಿ ಒಂದು ಹೊರ ಪೊರೆಯಿದೆ, ಅಂತರ್ವಿಷವಿರುವುದು ಅಲ್ಲಿ. ಮೂತ್ರದ ಸೋಂಕು ತರುವ ಇ. ಕೋಲೈ, ವಿಷಮಶೀತಜ್ವರದ ಸಾಲ್ಮೊನೆಲ್ಲ, ಮಿದುಳುಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ ಇವೆಲ್ಲ ಈ ಗುಂಪಿನವು. ಬಹಿರ್ವಿಷವನ್ನು ಎರಡೂ ಗುಂಪಿನ ಬ್ಯಾಕ್ಟೀರಿಯಾಗಳು ತಯಾರಿಸಬಲ್ಲವು.

ಅಂತರ್ವಿಷದ ಕೊಬ್ಬಿನ ಭಾಗವೇ ಅದರ ವಿಷಾಂಶ. ಆದರೆ ಅದು ಬಹಿರ್ವಿಷದಂತೆ ತಾನೇ ಹೋಗಿ ಕೋಶವನ್ನು ಕೆಡಿಸುವುದಿಲ್ಲ. ನಮ್ಮ ರಕ್ಷಣಾ ಕೋಶಗಳ ಮೇಲೆ ಈ ಕೊಬ್ಬನ್ನು ಗುರುತಿಸುವ ಒಂದು ಗ್ರಾಹಕವಿದೆ. ಅದಕ್ಕೆ ಅಂತರ್ವಿಷ ತಗುಲಿದ ಕೂಡಲೇ ‘ಶತ್ರು ಒಳನುಗ್ಗಿದ್ದಾನೆ’ ಎಂಬ ಎಚ್ಚರಿಕೆಯ ಗಂಟೆ ಮೊಳಗುತ್ತದೆ. ಕೋಶಗಳು ಸುರಿಸುವ ಉರಿಯೂತದ ವಸ್ತುಗಳು ಮಿದುಳನ್ನು ತಲುಪಿ ಜ್ವರ ಬರಿಸುತ್ತವೆ, ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಸೋಂಕು ಒಂದೆಡೆ ಸಣ್ಣದಾಗಿದ್ದಾಗ ಇದು ಉಪಕಾರಿಯೇ. ರಕ್ತದ ತುಂಬ ಅಂತರ್ವಿಷ ಹರಡಿದಾಗ ಮಾತ್ರ ಇಡೀ ಶರೀರದಲ್ಲಿ ಒಮ್ಮೆಲೇ ಗಂಟೆ ಮೊಳಗಿ, ರಕ್ತದೊತ್ತಡ ಕುಸಿದು, ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಮೂತ್ರಪಿಂಡ, ಶ್ವಾಸಕೋಶಗಳು ಸೋಲತೊಡಗುತ್ತವೆ.

ಹಾನಿ ಮಾಡುವುದು ಶರೀರದ ಪ್ರತಿಕ್ರಿಯೆಯೇ ಎಂಬುದಕ್ಕೆ ಇಲಿಗಳ ಒಂದು ತಳಿ ಸಾಕ್ಷಿ. ಎಷ್ಟು ಅಂತರ್ವಿಷ ಚುಚ್ಚಿದರೂ ಆ ತಳಿಯ ಇಲಿಗಳು ಸಾಯುತ್ತಿರಲಿಲ್ಲ. ಅವುಗಳಲ್ಲಿ ಮೇಲೆ ಹೇಳಿದ ಗ್ರಾಹಕದ ಜೀನೇ ಕೆಟ್ಟಿದೆ ಎಂಬುದನ್ನು ಬ್ರೂಸ್ ಬ್ಯೂಟ್ಲರ್ ಅವರ ತಂಡ 1998ರಲ್ಲಿ ತೋರಿಸಿತು. 2011ರ ನೊಬೆಲ್ ಪುರಸ್ಕಾರದಲ್ಲಿ ಅವರು ಪಾಲು ಪಡೆದರು. ಆದರೆ ಈ ಇಲಿಗಳು ಭಾಗ್ಯವಂತರೇನಲ್ಲ. ಜೀವಂತ ಬ್ಯಾಕ್ಟೀರಿಯಾಗಳ ಸೋಂಕು ತಗುಲಿದಾಗ ಅವು ಬೇರೆ ಇಲಿಗಳಿಗಿಂತ ಬೇಗ ಸಾಯುತ್ತವೆ. ಗಂಟೆಯೇ ಇಲ್ಲದ ಮನೆಗೆ ಕಳ್ಳ ನುಗ್ಗಿದಂತೆ ಅವುಗಳ ಸ್ಥಿತಿ.

ಆರಂಭದಲ್ಲಿ ಹೇಳಿದ ವೃದ್ಧರ ಪ್ರಸಂಗವನ್ನು ಈಗ ಮತ್ತೆ ನೋಡೋಣ. ಮೂತ್ರದ ಉರಿಯನ್ನು ಮೂರು ನಾಲ್ಕು ದಿನ ಅವರು ಯಾರಿಗೂ ಹೇಳಿರುವುದಿಲ್ಲ. ಇ. ಕೋಲೈ ಬ್ಯಾಕ್ಟೀರಿಯಾಗಳು ಮೂತ್ರಕೋಶದಿಂದ ಮೂತ್ರಪಿಂಡಕ್ಕೆ, ಅಲ್ಲಿಂದ ರಕ್ತಕ್ಕೆ ಸೇರುತ್ತವೆ. ರಕ್ತದಲ್ಲಿ ಅವು ಒಡೆದಂತೆಲ್ಲ ಅಂತರ್ವಿಷ ಬಿಡುಗಡೆಯಾಗುತ್ತದೆ. ನಡುಕದ ಚಳಿ ಅದರ ಮೊದಲ ಸೂಚನೆ. ಆಮೇಲೆ ಉಸಿರು ವೇಗವಾಗುತ್ತದೆ, ಮೂತ್ರದ ಪ್ರಮಾಣ ತಗ್ಗುತ್ತದೆ, ಗುರುತು ಹಿಡಿಯುವುದರಲ್ಲಿ ಗೊಂದಲ ಕಾಣುತ್ತದೆ. ತೀರ ವಯಸ್ಸಾದವರಲ್ಲಿ ಜ್ವರವೇ ಬಾರದೆ ಗೊಂದಲವೊಂದೇ ಕಾಣಿಸಿಕೊಳ್ಳುವುದೂ ಉಂಟು. ಮನೆಯವರು ಇದನ್ನು ‘ವಯಸ್ಸಿನ ಮರೆವು’ ಎಂದು ತಿಳಿದು ಬೆಳಗಿನವರೆಗೆ ಕಾದರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಮೂತ್ರದ ನಳಿಕೆ ಹಾಕಿರುವವರಲ್ಲಿ, ಮಧುಮೇಹಿಗಳಲ್ಲಿ ಈ ಲಕ್ಷಣಗಳು ಕಂಡರೆ ಆ ರಾತ್ರಿಯೇ ಆಸ್ಪತ್ರೆ ಸೇರಬೇಕು.

ಅಲ್ಲಿ ವೈದ್ಯರು ರಕ್ತದ ಮಾದರಿ ತೆಗೆದು, ತಡಮಾಡದೆ ಆ್ಯಂಟಿಬಯೋಟಿಕ್ ನೀಡಿ, ರಕ್ತನಾಳದ ಮೂಲಕ ದ್ರವವನ್ನೂ, ಅಗತ್ಯ ಬಿದ್ದರೆ ರಕ್ತದೊತ್ತಡ ಏರಿಸುವ ಔಷಧವನ್ನೂ ಕೊಡುತ್ತಾರೆ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ಈಗಾಗಲೇ ಬಿಡುಗಡೆಯಾದ ವಿಷವನ್ನು ಅಳಿಸುವುದಿಲ್ಲ. ಆದ್ದರಿಂದ ಔಷಧ ಆರಂಭವಾದ ಮೇಲೂ ಕೆಲಕಾಲ ರೋಗಿಯ ಸ್ಥಿತಿ ಏರುಪೇರಾಗಬಹುದು. ಔಷಧ ತಪ್ಪಾಯಿತೆಂದು ಭಾವಿಸಿ ಅದನ್ನು ನಿಲ್ಲಿಸಬಾರದು. ಮೂಲದ ಬ್ಯಾಕ್ಟೀರಿಯಾಗಳು ಅಳಿಯದ ಹೊರತು ವಿಷದ ಹರಿವು ನಿಲ್ಲದು.

ಯಾವುದು ಹೆಚ್ಚು ತೀಕ್ಷ್ಣ?

ತೂಕಕ್ಕೆ ತೂಕ ಹೋಲಿಸಿದರೆ ಕೊಲ್ಲುವ ಶಕ್ತಿಯಲ್ಲಿ ಬಹಿರ್ವಿಷವೇ ಬಹಳ ಮುಂದು. ಬಾಟುಲಿನಂ ವಿಷ ರಕ್ತಕ್ಕೆ ಸೇರಿದರೆ ವಯಸ್ಕ ಮನುಷ್ಯನೊಬ್ಬನನ್ನು ಕೊಲ್ಲಲು ಸುಮಾರು 100 ನ್ಯಾನೋಗ್ರಾಂ ಸಾಕೆಂದು ಅಂದಾಜು. ಒಂದು ಮಿಲಿಗ್ರಾಮಿನ ಹತ್ತು ಲಕ್ಷದ ಒಂದು ಭಾಗವೇ ಒಂದು ನ್ಯಾನೋಗ್ರಾಂ. ಧನುರ್ವಾಯುವಿನ ವಿಷದ ಶಕ್ತಿಯೂ ಇದಕ್ಕೆ ಸಮೀಪದ್ದೇ.

ಇದರ ಪಕ್ಕದಲ್ಲಿ 1993ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಸಂಗವನ್ನಿಡಬಹುದು. ಪ್ರಯೋಗಾಲಯದ ಕೆಲಸಗಾರರೊಬ್ಬರು ಸಾಲ್ಮೊನೆಲ್ಲದ ಅಂತರ್ವಿಷವನ್ನು 1 ಮಿಲಿಗ್ರಾಂನಷ್ಟು ತಮಗೆ ತಾವೇ ಚುಚ್ಚಿಕೊಂಡಿದ್ದರು. ಅದು ಮೇಲೆ ಹೇಳಿದ ಬಾಟುಲಿನಂ ಪ್ರಮಾಣದ ಹತ್ತು ಸಾವಿರ ಪಟ್ಟು. ರಕ್ತದೊತ್ತಡ ಕುಸಿದು ಅಂಗಾಂಗಗಳು ಸೋತರೂ, ತೀವ್ರ ನಿಗಾ ಘಟಕದ ಚಿಕಿತ್ಸೆಯಿಂದ ಅವರು ಬದುಕಿಕೊಂಡರು.

ಹಾಗೆಂದು ಅಂತರ್ವಿಷ ಮೃದುವಾದುದೆಂದು ತಿಳಿಯಬಾರದು. ಕೊಲ್ಲಲು ಹೆಚ್ಚು ಬೇಕಾದರೂ ಜ್ವರ ಬರಿಸಲು ಅತ್ಯಲ್ಪ ಸಾಕು. ದೇಹತೂಕದ ಕಿಲೋ ಒಂದಕ್ಕೆ ಕೇವಲ 2ರಿಂದ 4 ನ್ಯಾನೋಗ್ರಾಂ ಅಂತರ್ವಿಷ ರಕ್ತಕ್ಕೆ ಸೇರಿದರೆ ಆರೋಗ್ಯವಂತರಿಗೂ ಕೆಲವೇ ಗಂಟೆಗಳಲ್ಲಿ ಚಳಿ, ತಲೆನೋವು, ಜ್ವರ ಬರುತ್ತವೆ.

ಕುದಿಸಿದರೆ ವಿಷ ಹೋಗುವುದೇ?

ಈ ಪ್ರಶ್ನೆಗೆ ಉತ್ತರ ಎರಡು ವಿಷಗಳ ರಸಾಯನದಲ್ಲಿದೆ. ಮೊಟ್ಟೆಯ ಬಿಳಿಭಾಗ ಕಾದಾಗ ಗಟ್ಟಿಯಾಗಿ ತನ್ನ ಮೂಲರೂಪವನ್ನು ಕಳೆದುಕೊಳ್ಳುವಂತೆ, ಪ್ರೋಟೀನಾದ ಬಹಿರ್ವಿಷವೂ ಬಹುಮಟ್ಟಿಗೆ ಶಾಖಕ್ಕೆ ಕೆಡುತ್ತದೆ. ಧನುರ್ವಾಯು, ಗಂಟಲುಮಾರಿ, ಕಾಲರಾಗಳ ವಿಷಗಳು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಶಕ್ತಿ ಕಳೆದುಕೊಳ್ಳುತ್ತವೆ. ಆದರೆ ಎಣ್ಣೆಯನ್ನು ಎಷ್ಟು ಕಾಯಿಸಿ ಆರಿಸಿದರೂ ಎಣ್ಣೆಯಾಗಿಯೇ ಉಳಿಯುವಂತೆ, ಕೊಬ್ಬಿನಿಂದಾದ ಅಂತರ್ವಿಷ ಕುದಿತಕ್ಕೆ ಜಗ್ಗುವುದಿಲ್ಲ. ಅದನ್ನು ನಾಶಪಡಿಸಲು ಗಾಜಿನ ಸಾಮಗ್ರಿಗಳನ್ನು ಒಣಶಾಖದಲ್ಲಿ 250 ಡಿಗ್ರಿಯಲ್ಲಿ ಅರ್ಧ ಗಂಟೆ ಇರಿಸಬೇಕಾಗುತ್ತದೆ.

ಕುಡಿಯುವ ನೀರಿನ ಮಟ್ಟಿಗೆ ಇದರಿಂದ ಚಿಂತೆಯಿಲ್ಲ. ಕರುಳಿನ ಗೋಡೆ ಅಂತರ್ವಿಷವನ್ನು ತಡೆಯುತ್ತದೆ. ಕುದಿಸಿದ ನೀರು ಕಾಲರಾದಿಂದ ಕಾಪಾಡುತ್ತದೆ ಎಂಬ ಮಾತು ಪೂರ್ಣ ಸತ್ಯ. ಆದರೆ ರಕ್ತನಾಳಕ್ಕೆ ಹೋಗುವ ಸಲೈನ್ ಹಾಗೂ ಚುಚ್ಚುಮದ್ದುಗಳಿಗೆ ಕುದಿಸಿದ ನೀರು ಸಾಲದು. ಬ್ಯಾಕ್ಟೀರಿಯಾ ಸತ್ತಿದ್ದರೂ ಅವುಗಳ ಗೋಡೆಯ ಚೂರುಗಳು ನೀರಿನಲ್ಲಿ ಉಳಿದಿರುತ್ತವೆ. ಹಿಂದೆ ಇಂಜೆಕ್ಷನ್ ಪಡೆದ ಅನೇಕರಿಗೆ ಬರುತ್ತಿದ್ದ ‘ಸೂಜಿ ಜ್ವರ’ಕ್ಕೆ ಬಟ್ಟಿಯಿಳಿಸಿದ ನೀರಿನಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾಗಳ ಅಂಶವೇ ಕಾರಣವೆಂದು 1923ರಲ್ಲಿ ಅಮೆರಿಕದ ಫ್ಲಾರೆನ್ಸ್ ಸೈಬರ್ಟ್ ತೋರಿಸಿದರು. ಆನಂತರ ಇಂತಹ ದ್ರವಗಳನ್ನು ಮೊಲಗಳಿಗೆ ಚುಚ್ಚಿ ಜ್ವರ ಬರುವುದೇ ಎಂದು ನೋಡುವ ಪದ್ಧತಿ ಬಂದಿತು. ಈಗ ಲಿಮ್ಯುಲಸ್ ಎಂಬ ಸಮುದ್ರಜೀವಿಯ ನೀಲಿ ರಕ್ತದಿಂದ ತಯಾರಿಸಿದ ಪರೀಕ್ಷಾದ್ರವವನ್ನು ಬಳಸುತ್ತಾರೆ. ಲವಲೇಶ ಅಂತರ್ವಿಷವಿದ್ದರೂ ಅದು ಹೆಪ್ಪುಗಟ್ಟುತ್ತದೆ. ಸಲೈನ್ ಏರಿಸುತ್ತಿರುವಾಗ ರೋಗಿಗೆ ಇದ್ದಕ್ಕಿದ್ದಂತೆ ನಡುಕದ ಚಳಿ ಬಂದರೆ ಕಂಬಳಿ ಹೊದಿಸಿ ಸುಮ್ಮನಾಗದೆ ಕೂಡಲೇ ದಾದಿಯನ್ನು ಕರೆಯಬೇಕು. ಅಂತರ್ವಿಷವೂ ಅದಕ್ಕೆ ಒಂದು ಕಾರಣವಾಗಿರಬಹುದು. ದ್ರವವನ್ನು ನಿಲ್ಲಿಸಿ, ಬಾಟಲಿಯನ್ನು ಎಸೆಯದೆ ಪರೀಕ್ಷೆಗಾಗಿ ಉಳಿಸಿಕೊಳ್ಳುವುದು ಸರಿಯಾದ ಕ್ರಮ.

ಬಹಿರ್ವಿಷ ಶಾಖಕ್ಕೆ ಕೆಡುತ್ತದೆ ಎಂಬ ನಿಯಮಕ್ಕೆ ಮುಖ್ಯವಾದ ಒಂದು ಅಪವಾದವಿದೆ. ಜಾತ್ರೆ, ಮದುವೆಗಳ ಸಾಮೂಹಿಕ ಅಡುಗೆಯಲ್ಲಿ ಕೈಜೋಡಿಸುವವರು ಇದನ್ನು ತಿಳಿದಿರಬೇಕು. ಬೆರಳಿನ ಕೀವುಗಾಯದಲ್ಲಿ, ಮೂಗಿನಲ್ಲಿ ಇರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಆಹಾರಕ್ಕೆ ಸೇರಿ, ಅದು ಬೆಚ್ಚಗೆ ಹಲವು ಗಂಟೆ ಉಳಿದರೆ, ಕುದಿಸಿದರೂ ಕೆಡದ ಬಹಿರ್ವಿಷವನ್ನು ತಯಾರಿಸುತ್ತದೆ. ಹಾಲಿನ ಸಿಹಿತಿನಿಸು, ಖೋವಾ, ಪನ್ನೀರುಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಉಂಡ 1ರಿಂದ 6 ಗಂಟೆಗಳಲ್ಲಿ ಹಲವರಿಗೆ ಒಟ್ಟಾಗಿ ವಾಂತಿ ಆರಂಭವಾದರೆ ಈ ವಿಷವನ್ನು ಶಂಕಿಸಬೇಕು. ರಾತ್ರಿ ಉಳಿದ ಪಾಯಸವನ್ನು ಬೆಳಿಗ್ಗೆ ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಕೈಯಲ್ಲಿ ಕೀವುಗಾಯವಿರುವವರು ಅಡುಗೆಯಿಂದ, ಬಡಿಸುವುದರಿಂದ ದೂರವಿರುವುದೇ ಇದಕ್ಕೆ ಪರಿಹಾರ.

ಲಸಿಕೆ ಒಂದಕ್ಕಿದೆ, ಇನ್ನೊಂದಕ್ಕಿಲ್ಲ

ಚಿಕಿತ್ಸೆಯ ದೃಷ್ಟಿಯಿಂದ ಎರಡು ವಿಷಗಳ ನಡುವಿನ ದೊಡ್ಡ ಅಂತರ ಇಲ್ಲಿದೆ. ಪ್ರೋಟೀನಾದ ಬಹಿರ್ವಿಷದ ವಿರುದ್ಧ ನಮ್ಮ ಶರೀರ ಬಲವಾದ ಪ್ರತಿವಿಷವನ್ನು ತಯಾರಿಸಬಲ್ಲದು. 1890ರಲ್ಲಿಯೇ ಬೆಹ್ರಿಂಗ್ ಮತ್ತು ಕಿಟಸಾಟೊ ಇದನ್ನು ತೋರಿಸಿದ್ದರು. ಬಹಿರ್ವಿಷವನ್ನು ಫಾರ್ಮಾಲಿನ್‌ನಿಂದ ಸಂಸ್ಕರಿಸಿದರೆ ಅದರ ವಿಷತ್ವ ಹೋಗಿ ಆಕಾರ ಮಾತ್ರ ಉಳಿಯುತ್ತದೆ. ಇದಕ್ಕೆ ಟಾಕ್ಸಾಯ್ಡ್ ಎಂದು ಹೆಸರು. ಧನುರ್ವಾಯು ಮತ್ತು ಗಂಟಲುಮಾರಿಯ ಲಸಿಕೆಗಳು ಇವೇ. ಶಿಶುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ, ಮುಂದೆ 16ರಿಂದ 24 ತಿಂಗಳುಗಳ ನಡುವೆ, 5ರಿಂದ 6 ವರ್ಷಗಳ ನಡುವೆ, ಅನಂತರ 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವನ್ನು ಉಚಿತವಾಗಿ ನೀಡಲಾಗುತ್ತದೆ.

ಒಮ್ಮೆ ಧನುರ್ವಾಯು ಬಂದು ಗುಣವಾದವರು ತಮಗಿನ್ನು ಲಸಿಕೆ ಬೇಡವೆಂದು ಭಾವಿಸುವುದುಂಟು. ಇದು ತಪ್ಪು. ಆ ವಿಷ ಎಷ್ಟು ತೀಕ್ಷ್ಣವೆಂದರೆ, ರೋಗ ಬರಿಸುವ ಪ್ರಮಾಣ ಪ್ರತಿವಿಷವನ್ನು ಪ್ರಚೋದಿಸುವ ಪ್ರಮಾಣಕ್ಕಿಂತಲೂ ಕಡಿಮೆ. ಆದ್ದರಿಂದ ರೋಗಿಗೆ ಚೇತರಿಸಿಕೊಂಡ ಮೇಲೂ ಲಸಿಕೆ ಹಾಕಲೇಬೇಕು. ಇನ್ನೊಂದು ಮಿತಿಯನ್ನೂ ನೆನಪಿಡಬೇಕು. ಗಾಯವಾದಾಗ ನೀಡುವ ಸಿದ್ಧ ಪ್ರತಿವಿಷ ರಕ್ತದಲ್ಲಿ ತೇಲುವ ವಿಷವನ್ನು ಹಿಡಿಯುತ್ತದೆ. ನರಕ್ಕೆ ಈಗಾಗಲೇ ಅಂಟಿಕೊಂಡ ವಿಷವನ್ನು ಬಿಡಿಸಲಾರದು. ದವಡೆ ಬಿಗಿದ ಮೇಲೆ ಓಡುವುದಕ್ಕಿಂತ, ಮಣ್ಣು ಸೇರಿದ ಗಾಯವಾದ ದಿನವೇ ಹೋಗುವುದು ಮೇಲು.

ಅಂತರ್ವಿಷದಿಂದ ಟಾಕ್ಸಾಯ್ಡ್ ತಯಾರಿಸಲು ಬರುವುದಿಲ್ಲ. ಅದನ್ನು ತಡೆಯುವ ಔಷಧಗಳಿಗಾಗಿ ದಶಕಗಳಿಂದ ನಡೆದ ದೊಡ್ಡ ಪ್ರಯೋಗಗಳೂ ರೋಗಿಗಳ ಸಾವನ್ನು ತಗ್ಗಿಸುವುದರಲ್ಲಿ ನಿರೀಕ್ಷಿತ ಫಲ ಕೊಟ್ಟಿಲ್ಲ. ಹಿಂದೆ ಜಾತ್ರೆಗೆ ಹೊರಟವರಿಗೆ ಹಾಕುತ್ತಿದ್ದ ಕಾಲರಾ ಚುಚ್ಚುಮದ್ದು ಕೆಲವು ಹಿರಿಯರಿಗೆ ನೆನಪಿರಬಹುದು. ಅದರಲ್ಲಿ ಇದ್ದದ್ದು ಸತ್ತ ಬ್ಯಾಕ್ಟೀರಿಯಾಗಳ ಇಡೀ ಶರೀರ. ಮರುದಿನ ತೋಳು ಊದಿ ಜ್ವರ ಬರುತ್ತಿದ್ದುದಕ್ಕೆ ಆ ಶರೀರಗಳ ಗೋಡೆಯಲ್ಲಿದ್ದ ಅಂತರ್ವಿಷ ಒಂದು ಮುಖ್ಯ ಕಾರಣ. ಈಗ ಬಳಕೆಯಲ್ಲಿರುವ ಕಾಲರಾ ಲಸಿಕೆಯನ್ನು ಬಾಯಿಯ ಮೂಲಕ ಕೊಡುತ್ತಾರೆ. ಕರುಳಿಗೆ ಬರುವ ರೋಗವನ್ನು ಕರುಳಿನಲ್ಲಿಯೇ ಎದುರಿಸುವ ವಿಧಾನವದು.

ಕಾಲರಾದ ಬಹಿರ್ವಿಷ ಕರುಳಿನ ಒಂದು ಗುಂಡಿಯನ್ನಷ್ಟೇ ಒತ್ತಿಹಿಡಿಯುತ್ತದೆ, ಅಂತರ್ವಿಷವಾದರೋ ಕರುಳನ್ನು ದಾಟುವುದೇ ಇಲ್ಲ. ಆದ್ದರಿಂದಲೇ ಆ ರೋಗಿಯ ಮೈ ಸುಡದೆ ತಣ್ಣಗಿರುತ್ತದೆ. ಅವನಿಗೆ ಮೊದಲು ಬೇಕಾದುದು ಕಳೆದುಹೋದ ನೀರು ಮತ್ತು ಉಪ್ಪು. ಚಳಿ ನಡುಗಿ ಜ್ವರವೇರಿ ಗೊಂದಲಗೊಂಡ ವೃದ್ಧರಿಗೆ ಮೊದಲು ಬೇಕಾದುದು ಆಸ್ಪತ್ರೆಯ ಹಾಸಿಗೆ ಮತ್ತು ತಡವಾಗದ ಆ್ಯಂಟಿಬಯೋಟಿಕ್. ಮಣ್ಣಿನ ಗಾಯವಾದವರಿಗೆ ಬೇಕಾದುದು ಅದೇ ದಿನದ ಚುಚ್ಚುಮದ್ದು.